ಶಿವರಾತ್ರಿ ಜಾಗರಣೆಗೆ 90 ಸೆಕೆಂಡಿನ ವಿಡಿಯೋ: ಬರಹ ನೋಡಿ, ತಪ್ಪು ಹೇಳಿ

ಹೊಸಕೆರೆ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮೂರು ತಿಪಟೂರಿನ ಕಡೆ. ಈಶ್ವರನ ಗುಡಿಯಲ್ಲಿ ಪ್ರತಿ ವರ್ಷ ನಾಲ್ಕು ಜಾವದ ಪೂಜೆ ಇರುತ್ತದೆ. ಮೊದಲ ಜಾವದ ಪೂಜೆ ಮುಗಿದು ಎರಡನೆಯದಕ್ಕೆ ಸಾಮಾನು ಜೋಡಿಸುವ ಹೊತ್ತಲ್ಲಿ ಜನ ಸುಮ್ನೆ ಕೂತಿರುತ್ತಾರೆ, ಇಲ್ಲಾಂದ್ರೆ ಮೊಬೈಲ್ ನೋಡ್ತಾ ಇರುತ್ತಾರೆ. ಆಗ, ಅಂದರೆ ರಾತ್ರಿ ಒಂಬತ್ತೂವರೆ ಸುಮಾರಿಗೆ, ಬಿಳಿ ಪರದೆ ಕಟ್ಟಿ 90 ಸೆಕೆಂಡಿನ ಒಂದು ವಿಡಿಯೋ ತೋರಿಸಬೇಕು ಅಂತ ನಮ್ಮ ಹುಡುಗರ ಆಸೆ. ಗಲಾಟೆ ಬೇಡ, ನಿಧಾನವಾಗಿರಲಿ, ಜಾಗರಣೆ ಯಾಕೆ ಅನ್ನುವುದು ಅರ್ಥ ಆಗಲಿ. ಇಷ್ಟೇ.

ನಾನು ಬರೆದಿದ್ದು ಹೀಗೆ ಶುರುವಾಗುತ್ತದೆ:

"ಮಾಘ ಮಾಸದ ಕೃಷ್ಣಪಕ್ಷದ ಚತುರ್ದಶಿಯ ಪವಿತ್ರ ರಾತ್ರಿಯಂದು ಜಗದೊಡೆಯನಾದ ಪರಶಿವನು ಆದಿ ಅಂತ್ಯವಿಲ್ಲದ ಜ್ಯೋತಿರ್ಲಿಂಗ ರೂಪದಲ್ಲಿ ಆವಿರ್ಭವಿಸಿದನು..."

ಆಮೇಲೆ ಹಾಲಾಹಲ ಕುಡಿದ ಕಥೆ, ಶಿವ ಪಾರ್ವತಿ ಮದುವೆ, ಬೇಡ ಮರ ಹತ್ತಿದ ಕಥೆ. ಕೊನೆಗೆ "ಆದ್ದರಿಂದ ನಾವೆಲ್ಲರೂ ಅಜ್ಞಾನದ ನಿದ್ರೆಯಿಂದ ಎಚ್ಚೆತ್ತುಕೊಳ್ಳೋಣ" ಅಂತ ಮುಗಿಸಿದ್ದೇನೆ. ಗೆಳೆಯ ಓದಿದ. 90 ಸೆಕೆಂಡಿಗೆ ಮುಗಿಯಿತು. ಆದರೆ ಕೇಳಿದವರೆಲ್ಲ "ಚೆನ್ನಾಗಿದೆ" ಅಂದು ಸುಮ್ಮನಾದರು. ಏನೋ ಸರಿ ಇಲ್ಲ ಅಂತ ಅನಿಸ್ತಿದೆ.

ದೂರದೂರು:
ಒಳ್ಳೆ ಕೆಲಸ. ನಾವು ಅಮೆರಿಕದಲ್ಲಿ ಕನ್ನಡದವರು ಸೇರಿ ಹೋದ ವರ್ಷ ರಾತ್ರಿಯಿಡೀ ಲೈವ್ ಮಾಡಿದ್ವಿ. ನಾಲ್ಕು ಜಾವಕ್ಕೂ ನಿರೂಪಣೆ ಬರೆಯೋದು ಸುಲಭ ಅಲ್ಲ. ನಡುವೆ ಇಂಟರ್ನೆಟ್ ಹೋದರೆ ಹಾಕೋಕೆ ಒಂದು ಭಜನೆ ಇಟ್ಟುಕೊಂಡಿರಿ.

ಹೊಸಕೆರೆ ಹುಡುಗ:
ಲೈವ್ ಅಲ್ಲ ಸರ್, 90 ಸೆಕೆಂಡಿನ ವಿಡಿಯೋ ಅಷ್ಟೆ.

ದೂರದೂರು:
ಓ, ಸರಿಯಾಗಿ ಓದಲಿಲ್ಲ. ಆದರೂ ಭಜನೆ ಇಟ್ಟುಕೊಂಡಿರಿ.

ಧ್ವನಿಪೆಟ್ಟಿಗೆ:
ನಾನು ಇಪ್ಪತ್ತು ವರ್ಷದಿಂದ ಕನ್ನಡದಲ್ಲಿ ಧ್ವನಿ ಕೊಡುವ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಬರಹದ ತೊಂದರೆ ಭಕ್ತಿಯದ್ದಲ್ಲ, ಲೆಕ್ಕದ್ದು. ಕನ್ನಡದಲ್ಲಿ ಪದ ಎಣಿಸಿ ಸಮಯ ಅಂದಾಜು ಮಾಡಬೇಡಿ. "ಲಿಂಗ" ಒಂದು ಪದ, "ಎಚ್ಚೆತ್ತುಕೊಳ್ಳೋಣ" ಅನ್ನೋದೂ ಒಂದು ಪದ. ಅಕ್ಷರ ಎಣಿಸಿ. ಒತ್ತು ಇದ್ದರೂ ಒಂದೇ ಅಕ್ಷರ ಅಂತ ಹಿಡಿಯಿರಿ.

ನೀವು ಹಾಕಿರುವ ಪೂರ್ತಿ ಕಡತ ತೆರೆದು ಎಣಿಸಿದೆ. ಸುಮಾರು 560 ಅಕ್ಷರ ಇದೆ. 90 ಸೆಕೆಂಡಲ್ಲಿ ಓದಬೇಕಾದರೆ ಸೆಕೆಂಡಿಗೆ ಆರಕ್ಕಿಂತ ಜಾಸ್ತಿ. ಉಸಿರು ತೆಗೆದುಕೊಳ್ಳೋಕೂ ಜಾಗ ಇಲ್ಲ. ಅದು ವಾರ್ತೆ ಓದುವ ವೇಗ. ನಿಧಾನವಾಗಿ, ಪಕ್ಕದಲ್ಲಿ ಕೂತು ಹೇಳಿದ ಹಾಗೆ ಕೇಳಬೇಕಾದರೆ ನನ್ನ ಬಾಯಲ್ಲಿ ಸೆಕೆಂಡಿಗೆ ಮೂರೂವರೆ ಅಕ್ಷರ ಬರುತ್ತದೆ. ಅದರ ಮೇಲೆ, ಇಡೀ ಸಮಯದಲ್ಲಿ ಮೂರನೇ ಒಂದು ಭಾಗವಾದರೂ ಮಾತಿಲ್ಲದೆ ಇರಬೇಕು. ಅಲ್ಲಿಗೆ ನಿಮ್ಮ ಕೈಯಲ್ಲಿ ಉಳಿಯೋದು ಹೆಚ್ಚೆಂದರೆ 200 ಅಕ್ಷರ. ನಾಲ್ಕು ಕಥೆ ಬಿಡಿ, ಒಂದು ಕಥೆ ಹಿಡಿಸಿದರೆ ಪುಣ್ಯ.

ನಂಜುಂಡ ಮೈಸೂರು:
ಹಾಲಾಹಲದ ಕಥೆಯನ್ನೇ ಇಟ್ಟುಕೊಳ್ಳಿ. ವಿಷ ಏರಬಾರದು ಅಂತ ದೇವತೆಗಳು ರಾತ್ರಿಯಿಡೀ ಎಚ್ಚರ ಇದ್ದರು, ಅದಕ್ಕೇ ಜಾಗರಣೆ. ನೇರ ಉತ್ತರ. ಬೇಡನ ಕಥೆ ಇಡುವುದಾದರೆ ಹುಲಿ ಮರೆಯಬೇಡಿ. ಹುಲಿಗೆ ಹೆದರಿ ಮರ ಹತ್ತಿದ, ನಿದ್ದೆ ಬಂದು ಬೀಳಬಾರದು ಅಂತ ಒಂದೊಂದೇ ಎಲೆ ಕಿತ್ತು ಹಾಕಿದ, ಅದು ಬಿಲ್ವ, ಕೆಳಗೆ ಲಿಂಗ. ಇದೇ ಸರಿಯಾದ ಕಥೆ. ಇನ್ನೊಂದು ಮಾತು, ಸರಿಯಾಗಿ 12 ಗಂಟೆಗೆ ಲಿಂಗೋದ್ಭವ ಕಾಲ. ವಿಡಿಯೋ ಆಗ ಹಾಕಿ, ಒಂಬತ್ತೂವರೆಗೆ ಯಾಕೆ?

ಧ್ವನಿಪೆಟ್ಟಿಗೆ:
ನಂಜುಂಡ ಅವರೇ, ಹುಲಿಯ ಕಥೆ ನಾನೂ ಕೇಳಿ ಬೆಳೆದಿದ್ದೇನೆ, ತಪ್ಪಲ್ಲ. ಆದರೆ ಅದೊಂದೇ ಸರಿ ಅನ್ನೋದು ಒಪ್ಪಲಾರೆ. ಶಿವಪುರಾಣದಲ್ಲಿ ಬರುವುದು ಜಿಂಕೆಯ ಕಥೆ. ಬೇಟೆ ಸಿಗದೆ ಬೇಡ ನೀರಿನ ಪಕ್ಕದ ಬಿಲ್ವದ ಮರ ಹತ್ತಿ ಕಾಯುತ್ತಾನೆ. ಜೊತೆಗೆ ಕುಡಿಯೋ ನೀರು ಇಟ್ಟುಕೊಂಡಿರುತ್ತಾನೆ. ಜಾವಕ್ಕೊಂದರಂತೆ ಜಿಂಕೆ ಬರುತ್ತದೆ. ಪ್ರತಿ ಸಲ ಬಾಣ ಹೂಡುವಾಗ ಮೈ ಅಲುಗಿ ಒಂದಿಷ್ಟು ನೀರು, ಎಲೆ ಕೆಳಗಿನ ಲಿಂಗದ ಮೇಲೆ ಬೀಳುತ್ತವೆ. ಪ್ರತಿ ಜಿಂಕೆಯೂ "ಮರಿಗಳನ್ನು ಒಪ್ಪಿಸಿ ವಾಪಸ್ ಬರುತ್ತೇನೆ" ಅಂತ ಬೇಡಿಕೊಳ್ಳುತ್ತದೆ. ಕೊನೆಯ ಜಾವದಲ್ಲಿ ಎಲ್ಲವೂ ಮಾತಿನಂತೆ ಬರುತ್ತವೆ.

ಹುಡುಗನ ವಿಡಿಯೋಗೆ ಇದು ಯಾಕೆ ಸರಿ ಅಂದರೆ, ನಾಲ್ಕು ಜಾವ ಕಥೆಯೊಳಗೇ ಇದೆ. ಗುಡಿಯಲ್ಲಿ ಕೂತವರು ಆಗಷ್ಟೇ ಮೊದಲ ಜಾವ ಮುಗಿಸಿರುತ್ತಾರೆ. ಪರದೆ ಮೇಲೂ ಮೊದಲ ಜಾವ, ಎರಡನೇ ಜಾವ ಅಂತ ಬಂದರೆ ತಮ್ಮದೇ ರಾತ್ರಿ ಅನ್ನಿಸುತ್ತದೆ. ಹುಲಿಯ ಕಥೆಯಲ್ಲಿ ಭಯ ಇದೆ, ಜಿಂಕೆಯದರಲ್ಲಿ ಕಾಯುವುದು ಇದೆ. ನಿಧಾನವಾಗಿ ಹೇಳೋಕೆ ಬರುವುದು ಕಾಯುವ ಕಥೆಯನ್ನೇ.

ಗೋಪಾಲ ಮೇಷ್ಟ್ರು:
12 ಗಂಟೆಯ ವಿಷಯಕ್ಕೆ ಸಣ್ಣ ತಿದ್ದುಪಡಿ. ಜಾವ ಅಂದರೆ ಸೂರ್ಯ ಮುಳುಗಿದಲ್ಲಿಂದ ಹುಟ್ಟುವವರೆಗಿನ ಹೊತ್ತನ್ನು ನಾಲ್ಕು ಪಾಲು ಮಾಡಿದ್ದು. ಗಡಿಯಾರದ ಆರು, ಒಂಬತ್ತು, ಹನ್ನೆರಡು ಅಲ್ಲ. ಶಿವರಾತ್ರಿ ಬರುವ ದಿನಗಳಲ್ಲಿ ಬೆಂಗಳೂರಿನ ಕಡೆ ಸೂರ್ಯ ಮುಳುಗೋದು ಸಂಜೆ ಸುಮಾರು 6:25ಕ್ಕೆ, ಹುಟ್ಟೋದು ಬೆಳಿಗ್ಗೆ 6:40ರ ಆಸುಪಾಸು. ನಡುರಾತ್ರಿ ಬೀಳುವುದು ಹನ್ನೆರಡೂವರೆ ದಾಟಿದ ಮೇಲೆ. ನಮ್ಮ ಗಡಿಯಾರ ನಮಗಿಂತ ಪೂರ್ವದ ರೇಖೆಯದ್ದು, ಅದರಿಂದ 20 ನಿಮಿಷ ಹೋಗುತ್ತದೆ. ಫೆಬ್ರವರಿಯಲ್ಲಿ ಸೂರ್ಯ ಬೇರೆ ಸ್ವಲ್ಪ ತಡ. ಹಾಗಾಗಿ ಮೊದಲ ಜಾವ ಮುಗಿಯೋದು ಒಂಬತ್ತೂವರೆಗೆ. ಹುಡುಗ ಹೇಳಿದ ಸಮಯ ಸರಿಯಾಗೇ ಇದೆ.

ದೂರದೂರಿನವರು ನಿಮ್ಮ ಊರಿನ ಸೂರ್ಯನನ್ನು ನೋಡಿ ಲೆಕ್ಕ ಹಾಕಿ, ಬೆಂಗಳೂರಿನ ಪಂಚಾಂಗ ನೋಡಿ ಅಲ್ಲ.

ನಂಜುಂಡ ಮೈಸೂರು:
ನಮ್ಮ ಗುಡಿಯಲ್ಲಿ 12ಕ್ಕೇ ಗಂಟೆ ಬಾರಿಸುತ್ತಾರೆ. ಐವತ್ತು ವರ್ಷದಿಂದ.

ಗೋಪಾಲ ಮೇಷ್ಟ್ರು:
ಬಾರಿಸಲಿ ಬಿಡಿ, ನಾನು ಬಂದು ತಡೆಯಲ್ಲ 🙂

ಪದ್ಮಕ್ಕ:
ನಾನು ಬೇರೆಯದೇ ಹೇಳಬೇಕು. ಹೋದ ವರ್ಷ ನಮ್ಮ ಬೀದಿಯಲ್ಲಿ ಹೀಗೇ "ಪ್ರಶಾಂತ" ವಿಡಿಯೋ ಹಾಕಿದ್ದರು. ಕೊಳಲು, ಮೋಡ, ಹಿಮಾಲಯ, ಮೆತ್ತಗಿನ ಗಂಡು ಧ್ವನಿ. ದೀಪ ಬೇರೆ ಆರಿಸಿದರು. ಮುಗಿಯುವ ಹೊತ್ತಿಗೆ ನಮ್ಮ ಯಜಮಾನರು ಗೊರಕೆ ಹೊಡೀತಿದ್ದರು. ಪಕ್ಕದ ಸಾಲಲ್ಲಿ ಮೂರು ಜನ ಗೋಡೆಗೆ ಒರಗಿದವರು ಏಳಲೇ ಇಲ್ಲ. ಉಪವಾಸ ಇದ್ದವರಿಗೆ ಜೋಗುಳ ಹಾಡಿದ ಹಾಗೆ ಆಯಿತು. ಜಾಗರಣೆ ವಿಡಿಯೋ ನೋಡಿ ಜಾಗರಣೆ ಕೆಟ್ಟರೆ ಹೇಗಪ್ಪಾ?

ಧ್ವನಿಪೆಟ್ಟಿಗೆ:
ಪದ್ಮಕ್ಕ ಹೇಳಿದ್ದೇ ಇಲ್ಲಿನ ನಿಜವಾದ ಸಮಸ್ಯೆ. ನಿದ್ದೆ ಬರಿಸೋದು ನಿಧಾನ ಅಲ್ಲ, ಏರಿಳಿತ ಇಲ್ಲದ ಶಬ್ದ. ಕೊಳಲು, ತಂಬೂರಿ, ಒಂದೇ ಸಮನೆ ಹರಿಯುವ ಸಂಗೀತ ಹಿಂದೆ ಇದ್ದರೆ ಕಿವಿ ಕೇಳೋದನ್ನೇ ಬಿಟ್ಟುಬಿಡುತ್ತದೆ. ಅದರ ಬದಲು ಸಂಗೀತವೇ ಬೇಡ. ಪೂರ್ತಿ ಮೌನ, ನಡುವೆ ಒಂದು ಸಣ್ಣ ಶಬ್ದ. ನೀರು ತೊಟ್ಟಿಕ್ಕಲಿ. ತೊಟ್ಟು ತೊಟ್ಟಿನ ನಡುವಿನ ಅಂತರ ಒಂದೇ ಥರ ಇರಬಾರದು. ಮುಂದಿನದು ಯಾವಾಗ ಅಂತ ಕಿವಿ ಕಾಯಬೇಕು. ಬೇಡನೂ ಅದನ್ನೇ ಮಾಡುತ್ತಿದ್ದ, ಅಲ್ವಾ?

ಆ ನೀರಿನ ಶಬ್ದಕ್ಕೆ ಇನ್ನೊಂದು ಕೆಲಸವೂ ಇದೆ. ಶುರುವಿನಲ್ಲಿ ಅದು ಏನು ಅಂತ ಗೊತ್ತಾಗಲ್ಲ. ಕೊನೆಯಲ್ಲಿ ಲಿಂಗ ಕಂಡಾಗ ಗೊತ್ತಾಗುತ್ತದೆ, ಅಭಿಷೇಕ ಆಗಿತ್ತು ಅಂತ. ಮಾತಲ್ಲಿ ಹೇಳಬೇಕಿಲ್ಲ.

ಒಂದು ಬರಹ ಮಾಡಿದ್ದೇನೆ. ಜೋರಾಗಿ ಓದಿ ನೋಡಿ:

0–15 ಸೆಕೆಂಡು. ಕಪ್ಪು ಪರದೆ. ಐದು ಸೆಕೆಂಡು ನೀರಿನ ಶಬ್ದ ಮಾತ್ರ.
"ಒಬ್ಬ ಬೇಡ. ಮನೆಯಲ್ಲಿ ಹಸಿದ ಮಕ್ಕಳು. ಕತ್ತಲಾಯಿತು. ಮರ ಹತ್ತಿ ಕೂತ."

15–35. ಕೊಂಬೆ, ಎಲೆ. ಎಲೆ ಬೀಳುವಾಗ ಮೂರು ಸೆಕೆಂಡು ಮಾತಿಲ್ಲ.
"ಮೊದಲ ಜಾವ. ನೀರಿಗೆ ಒಂದು ಹೆಣ್ಣು ಜಿಂಕೆ ಬಂತು. ಬಾಣ ಹೂಡಿದ. ಕೊಂಬೆ ಅಲುಗಿತು. ಒಂದೆಲೆ ಬಿತ್ತು. ‘ಮರಿಗಳನ್ನು ಒಪ್ಪಿಸಿ ಬರುತ್ತೇನೆ’ ಅಂದಿತು. ಬಿಟ್ಟ."

35–47.
"ಎರಡನೇ ಜಾವ. ಅದರ ತಂಗಿ ಬಂತು. ಇನ್ನೊಂದೆಲೆ ಬಿತ್ತು. ಅದನ್ನೂ ಬಿಟ್ಟ."

47–56.
"ಮೂರನೇ ಜಾವ. ಗಂಡು ಜಿಂಕೆ. ಮತ್ತೊಂದೆಲೆ."

56–69. ಬಿಲ್ಲು ಇಳಿಸುವಾಗ ನಾಲ್ಕನೇ ಎಲೆ ಬೀಳಲಿ. ಅದಕ್ಕೆ ಮಾತು ಬೇಡ.
"ನಾಲ್ಕನೇ ಜಾವ. ಮೂರೂ ಮರಳಿ ಬಂದವು. ಮರಿಗಳೂ ಬಂದವು. ಬೇಡ ಬಿಲ್ಲು ಇಳಿಸಿದ."

69–81. ಮೊದಲ ಬೆಳಕು. ಒದ್ದೆ ಲಿಂಗ, ನಾಲ್ಕು ಎಲೆ.
"ಬೆಳಗಾಯಿತು. ಮರದ ಕೆಳಗೆ ಒಂದು ಲಿಂಗ. ಅದರ ಮೇಲೆ ರಾತ್ರಿ ಬಿದ್ದ ಬಿಲ್ವಪತ್ರೆ."

81–90.
"ಅವನಿಗೆ ಅದು ಗೊತ್ತೇ ಇರಲಿಲ್ಲ."
ನೀರಿನ ಶಬ್ದ. ಕತ್ತಲು.

ಎಣಿಸಿದರೆ 179 ಅಕ್ಷರ. ಓದುವುದಕ್ಕೆ ಸುಮಾರು 51 ಸೆಕೆಂಡು, ಉಳಿದ 39 ಸೆಕೆಂಡು ಖಾಲಿ. ಮೊದಲ ಜಾವಕ್ಕೆ 20 ಸೆಕೆಂಡು, ಮೂರನೆಯದಕ್ಕೆ 9 ಕೊಟ್ಟಿದ್ದೇನೆ. ಒಮ್ಮೆ ಆಗಿದ್ದು ಮತ್ತೆ ಆಗುತ್ತಿದೆ ಅಂತ ನೋಡುವವರಿಗೆ ಗೊತ್ತಾದ ಮೇಲೆ ವಿವರ ಬೇಕಿಲ್ಲ. ಮೂರಕ್ಕೂ ಒಂದೇ ಅಳತೆ ಕೊಟ್ಟರೆ ಅಲ್ಲಿ ಪದ್ಮಕ್ಕನ ಯಜಮಾನರು ಮತ್ತೆ ಮಲಗುತ್ತಾರೆ.

ಪದ್ಮಕ್ಕ:
ಹ್ಹಾ ಹ್ಹಾ, ತೋರಿಸ್ತೀನಿ ಅವರಿಗೆ.

ಆದರೆ ಕೊನೆಯಲ್ಲಿ ಅರ್ಥ ಹೇಳಲೇ ಇಲ್ಲವಲ್ಲ? ಹುಡುಗ ಬರೆದ "ಎಚ್ಚೆತ್ತುಕೊಳ್ಳೋಣ" ಸ್ವಲ್ಪ ಭಾಷಣ ಆಯಿತು, ಒಪ್ಪುತ್ತೇನೆ. ಹಾಗಂತ ಪೂರ್ತಿ ಬಿಟ್ಟರೆ ನಮ್ಮತ್ತೆಯಂಥವರು "ಅಂದ್ರೆ ಏನಾಯ್ತು?" ಅಂತಾರೆ.

ಧ್ವನಿಪೆಟ್ಟಿಗೆ:
"ಅವನಿಗೆ ಅದು ಗೊತ್ತೇ ಇರಲಿಲ್ಲ" ಅನ್ನೋದೇ ಅರ್ಥ ಅಕ್ಕಾ. ಎಚ್ಚರ ಇದ್ದದ್ದು ಕೊಲ್ಲೋಕೆ. ಎಚ್ಚರ ಇದ್ದಿದ್ದಕ್ಕೇ ಜಿಂಕೆಯ ಮಾತು ಕೇಳಿಸಿತು. ಅದನ್ನು ನಾನು ಬಿಡಿಸಿ ಹೇಳಿದರೆ ಕೇಳಿದವರಿಗೆ ಮಾಡೋಕೆ ಕೆಲಸವೇ ಇರಲ್ಲ.

ಪದ್ಮಕ್ಕ:
ನೀವೀಗ ಹೇಳಿದ್ರಲ್ಲ, "ಎಚ್ಚರ ಇದ್ದಿದ್ದಕ್ಕೇ ಮಾತು ಕೇಳಿಸಿತು", ಅದು ಚೆನ್ನಾಗಿದೆ. ಅದನ್ನೇ ಹಾಕಬಹುದಿತ್ತು.

ಕತ್ತಲೆಕೋಣೆ:
ಮದುವೆ ವಿಡಿಯೋ ತೆಗೆಯುವವನು ನಾನು. ಕಾಗದದ ಮೇಲೆ "ಎಲೆ ಬಿತ್ತು" ಅಂತ ಬರೆಯೋದು ಸುಲಭ, ಅದನ್ನು ತೆಗೆಯೋದು ಕಷ್ಟ. ಮೂರು ಅಡಿ ಎತ್ತರದಿಂದ ಬಿಟ್ಟರೆ ಎಲೆ ಅರ್ಧ ಸೆಕೆಂಡಲ್ಲಿ ನೆಲದ ಮೇಲಿರುತ್ತದೆ. ನಿಮಗೆ ಬೇಕಿರೋದು ಎರಡು ಸೆಕೆಂಡು. ಅಂದರೆ ಫೋನಿನ ಸ್ಲೋ ಮೋಷನ್, ಸೆಕೆಂಡಿಗೆ 120 ಫ್ರೇಮ್. 30ರ ವಿಡಿಯೋದಲ್ಲಿ ಹಾಕಿದರೆ ನಾಲ್ಕು ಪಟ್ಟು ನಿಧಾನ ಆಗುತ್ತದೆ.

ಹುಡುಗರು ಎಡವೋದು ಇಲ್ಲೇ. ರಾತ್ರಿ ದೃಶ್ಯ ಅಂತ ರಾತ್ರಿಯೇ, ಹಣತೆ ಬೆಳಕಲ್ಲಿ ತೆಗೆಯೋಕೆ ಹೋಗುತ್ತಾರೆ. 120 ಫ್ರೇಮಿಗೆ ಆ ಬೆಳಕು ಏನೇನೂ ಸಾಲಲ್ಲ. ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ಟ್ಯೂಬ್‌ಲೈಟ್ ಹಾಕಿದರೆ ಇನ್ನೂ ಕಷ್ಟ. ನಮ್ಮ ಕರೆಂಟಿನಲ್ಲಿ ಆ ಬೆಳಕು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಕಾಣಲ್ಲ, ಸ್ಲೋ ಮೋಷನ್ನಿನಲ್ಲಿ ಪಟಪಟ ಅಂತ ಕಾಣುತ್ತದೆ. ಸಾಯಂಕಾಲ ಐದು ಗಂಟೆಗೆ, ನೆರಳಿನಲ್ಲಿ, ಹಿಂದೆ ಕಪ್ಪು ಕಂಬಳಿ ಕಟ್ಟಿ ತೆಗೆಯಿರಿ. ಆಮೇಲೆ ಎಡಿಟಿಂಗಲ್ಲಿ ಬೆಳಕು ಇಳಿಸಿ, ಸ್ವಲ್ಪ ನೀಲಿ ಕೊಡಿ. ಪರದೆಯ ಮೇಲೆ ಅಪ್ಪಟ ರಾತ್ರಿ.

ಫೋಕಸ್, ಬೆಳಕು ಎರಡನ್ನೂ ಬೆರಳು ಒತ್ತಿ ಲಾಕ್ ಮಾಡಿ. ಇಲ್ಲಾಂದ್ರೆ ಎಲೆ ಬಂದ ತಕ್ಷಣ ಫೋನ್ ಗಾಬರಿಯಾಗಿ ಹಿನ್ನೆಲೆಯನ್ನೂ ಬೆಳ್ಳಗೆ ಮಾಡುತ್ತದೆ. ಲಿಂಗ ಅಂತ ಗರ್ಭಗುಡಿಗೆ ಕ್ಯಾಮೆರಾ ಒಯ್ಯಬೇಡಿ. ಹೊಳೆಯಲ್ಲಿ ನುಣ್ಣಗಾದ ಒಂದು ಕಪ್ಪು ಕಲ್ಲು ಸಾಕು. ನೀರು ಹಾಕಿ, ಪಕ್ಕದಿಂದ ಬೆಳಕು ಬೀಳಲಿ.

ಪದ್ಮಕ್ಕ:
ಕಲ್ಲು ಓಕೆ. ಆದರೆ ಎಲೆ ಶಿವರಾತ್ರಿ ದಿನ ಕೀಳಬೇಡಿ ತಮ್ಮಾ. ಚತುರ್ದಶಿ ದಿನ, ಸೋಮವಾರ ಬಿಲ್ವ ಕೀಳಬಾರದು ಅಂತ ನಮ್ಮಲ್ಲಿದೆ. ಹಿಂದಿನ ದಿನವೇ ಕಿತ್ತಿಟ್ಟುಕೊಳ್ಳಿ, ಬಿಲ್ವಕ್ಕೆ ಹಳಸಲು ಅಂತ ಇಲ್ಲ. ಮೂರು ದಳ ಪೂರ್ತಿ ಇರೋದು ನೋಡಿ, ಹುಳು ತಿಂದಿದ್ದು ಬೇಡ. ದೊಡ್ಡ ಪರದೆ ಮೇಲೆ ಹರಿದ ಎಲೆ ಕಂಡರೆ ಅಜ್ಜಿಯರು ವಿಡಿಯೋ ಬಿಟ್ಟು ಅದನ್ನೇ ಮಾತಾಡುತ್ತಾರೆ.

ನಂಜುಂಡ ಮೈಸೂರು:
ಬೇಡ ಕೆಡವಿದ್ದೂ ಚತುರ್ದಶಿ ದಿನವೇ ಅಲ್ವಾ?

ಪದ್ಮಕ್ಕ:
ಅವನು ಕೀಳಲಿಲ್ಲ, ತಾನಾಗೇ ಬಿತ್ತು. ನಿಮ್ಮ ಹುಲಿ ಕಥೆಯಲ್ಲಿ ಮಾತ್ರ ಕಿತ್ತ 😄

ಗೋಪಾಲ ಮೇಷ್ಟ್ರು:
ಒಂದು ಸಲಹೆ ಕೊಡಲಾ? ಈ ಕಥೆಯ ಕೊನೆಯಲ್ಲಿ ಜಿಂಕೆಗಳು ಆಕಾಶಕ್ಕೆ ಹೋಗಿ ಮೃಗಶಿರ ನಕ್ಷತ್ರವಾದವು, ಬೇಡ ಲುಬ್ಧಕನಾದ ಅಂತ ಹೇಳುವುದು ಇದೆ. ನಿಮ್ಮ ವಿಡಿಯೋ ಮುಗಿಯುವ ಒಂಬತ್ತೂವರೆಗೆ ಎರಡೂ ನೆತ್ತಿಯ ಹತ್ತಿರವೇ ಇರುತ್ತವೆ. ದಕ್ಷಿಣಕ್ಕೆ ಮುಖ ಮಾಡಿ ತಲೆ ಎತ್ತಿದರೆ ಜೋರಾಗಿ ಮಿನುಗುವ ಬಿಳಿ ನಕ್ಷತ್ರ ಲುಬ್ಧಕ. ಅದಕ್ಕಿಂತ ಮೇಲೆ, ಸ್ವಲ್ಪ ಪಡುವಣಕ್ಕೆ, ಸಾಲಾಗಿ ಮೂರು ನಕ್ಷತ್ರ. ಅದರಿಂದ ಉತ್ತರಕ್ಕೆ ಮಂಕಾಗಿ ಕಾಣುವ ಸಣ್ಣ ಗುಂಪು ಮೃಗಶಿರ. ಕೊನೆಯಲ್ಲಿ "ಹೊರಗೆ ಬಂದು ಆಕಾಶ ನೋಡಿ" ಅಂತ ಒಂದೇ ಮಾತು ಹಾಕಿ. ಜನ ಎದ್ದು ಹೊರಗೆ ಬರುತ್ತಾರೆ. ನಿದ್ದೆಗೆ ಅದಕ್ಕಿಂತ ಮದ್ದಿಲ್ಲ.

ಗ್ರಹ ಹತ್ತಿರದಲ್ಲಿದ್ದರೆ ಅದೇ ಲುಬ್ಧಕಕ್ಕಿಂತ ಜಾಸ್ತಿ ಹೊಳೆಯಬಹುದು. ಆದರೆ ಗ್ರಹ ಮಿನುಗಲ್ಲ, ಅಷ್ಟು ನೆನಪಿಟ್ಟುಕೊಂಡರೆ ಸಾಕು.

ಕತ್ತಲೆಕೋಣೆ:
ಮೇಷ್ಟ್ರೇ ಇದು ಸೂಪರ್. ಆದರೆ ಇದೇ ವಿಡಿಯೋನ ವಾಟ್ಸಾಪಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ನೋಡಿದವರು ಹೊರಗೆ ಬಂದರೆ?

ಗೋಪಾಲ ಮೇಷ್ಟ್ರು:
ಆಗ ಇಬ್ಬರೂ ಮುಳುಗಿರುತ್ತಾರೆ! ನಾಲ್ಕನೇ ಜಾವದಲ್ಲಿ ಬೇಡನೂ ಇಲ್ಲ, ಜಿಂಕೆಯೂ ಇಲ್ಲ. ಒಳ್ಳೆಯದು ಹಿಡಿದಿರಿ. ಹಾಗಾದರೆ ವಿಡಿಯೋದಲ್ಲಿ ಹಾಕಬೇಡಿ. ಪರದೆ ಆರಿದ ಮೇಲೆ ಯಾರಾದರೂ ಮೈಕಿನಲ್ಲಿ ಹೇಳಲಿ.

ಧ್ವನಿಪೆಟ್ಟಿಗೆ:
ಮೈಕಿನಲ್ಲಾದರೆ ನನ್ನದೂ ಒಪ್ಪಿಗೆ. ಒಂದು ಅನುಮಾನ ಮಾತ್ರ ಇದೆ. ಆ ಸಾಲಿನ ಮೂರು ನಕ್ಷತ್ರವನ್ನು ಜಿಂಕೆಗೆ ನೆಟ್ಟ ಬಾಣ ಅಂತ ಹೇಳುವುದಿಲ್ಲವಾ? ನಮ್ಮ ಕಥೆಯಲ್ಲಿ ಬಾಣ ಬಿಡಲೇ ಇಲ್ಲ.

ಗೋಪಾಲ ಮೇಷ್ಟ್ರು:
ಹೌದು. ಬಾಣ ನೆಟ್ಟ ಚಿತ್ರ ಬೇರೆ ಕಥೆಯದು, ಇದಕ್ಕಿಂತ ತುಂಬ ಹಳೆಯದು, ವೇದದ ಕಾಲದ್ದು. ಅಲ್ಲಿ ಜಿಂಕೆಯ ರೂಪದಲ್ಲಿ ಓಡುವವನು ಪ್ರಜಾಪತಿ. ಎರಡೂ ಕಥೆ ಒಂದೇ ನಕ್ಷತ್ರಗಳ ಮೇಲೆ ಕೂತಿವೆ. ಯಾರಾದರೂ ಕೇಳಿದರೆ ಏನು ಹೇಳಬೇಕು ಅಂತ ನನಗೂ ಹೊಳೆಯುತ್ತಿಲ್ಲ. ಮೂರು ನಕ್ಷತ್ರ ಅಂತಷ್ಟೇ ಹೇಳಿ ಬಿಡಿ.

ಹೊಸಕೆರೆ ಹುಡುಗ:
ಎಲ್ಲರಿಗೂ ಧನ್ಯವಾದ. ಎರಡು ದಿನ ಬಿಟ್ಟು ಬರುತ್ತಿದ್ದೇನೆ. ಧ್ವನಿಪೆಟ್ಟಿಗೆ ಸರ್ ಬರೆದದ್ದನ್ನು ನಮ್ಮಜ್ಜಿಗೆ ಓದಿ ಹೇಳಿದೆ. ಆಮೇಲೆ "ಈಗ ನೀನು ಹೇಳು" ಅಂದೆ. ಪೂರ್ತಿ ಸರಿಯಾಗಿ ಹೇಳಿದರು. ಎಲೆ ಬಿದ್ದದ್ದೇ ಪೂಜೆ ಆಯಿತು ಅಂತ ತಾವೇ ಹೇಳಿದರು, ನಾನು ಬಾಯಿ ಬಿಡಲಿಲ್ಲ. ಆದರೆ ಎರಡು ಪ್ರಶ್ನೆ ಕೇಳಿದರು.

ಒಂದು, "ಮೂರನೇದನ್ನ ಬಿಟ್ನಾ ಇಲ್ವಾ?" ಬರಹದಲ್ಲಿ ನಿಜವಾಗಿಯೂ ಇಲ್ಲ ಸರ್. "ಗಂಡು ಜಿಂಕೆ. ಮತ್ತೊಂದೆಲೆ" ಅಂತ ನಿಲ್ಲುತ್ತದೆ.

ಎರಡು, "ಆ ಮಕ್ಕಳಿಗೆ ಊಟ ಏನಾಯ್ತು?"

ಧ್ವನಿಪೆಟ್ಟಿಗೆ:
ಅಜ್ಜಿಗೆ ನಮಸ್ಕಾರ ಹೇಳಿ. ಮೊದಲನೆಯದು ನನ್ನದೇ ತಪ್ಪು. ಚಿಕ್ಕದು ಮಾಡುವ ಆಸೆಯಲ್ಲಿ ಮುಖ್ಯವಾದ ಕೊಂಡಿಯನ್ನೇ ಕತ್ತರಿಸಿದೆ. "ಅದನ್ನೂ ಬಿಟ್ಟ" ಸೇರಿಸಿ. ಐದು ಅಕ್ಷರ, ಒಟ್ಟು 184. ಆ 9 ಸೆಕೆಂಡಿನೊಳಗೇ ಹಿಡಿಸುತ್ತದೆ.

ಎರಡನೆಯದಕ್ಕೆ ಪುರಾಣದಲ್ಲಿ ಉತ್ತರ ಇದೆ. ಶಿವ ಕಾಣಿಸಿಕೊಂಡು ಅವನಿಗೆ ವರ ಕೊಡುತ್ತಾನೆ. ಅದನ್ನು ತಂದರೆ 60 ಅಕ್ಷರ ಬೇಕು. "ಗೊತ್ತೇ ಇರಲಿಲ್ಲ" ಅನ್ನುವ ಕೊನೆಯ ಮಾತೂ ಹೋಗುತ್ತದೆ. ಶುರುವಿನ "ಹಸಿದ ಮಕ್ಕಳು" ತೆಗೆದರೆ ಪ್ರಶ್ನೆ ಹುಟ್ಟಲ್ಲ. ಆದರೆ ಆಗ ಅವನು ಸುಮ್ನೆ ಬೇಟೆಯ ಚಟಕ್ಕೆ ಮರ ಹತ್ತಿದ ಹಾಗಾಗುತ್ತದೆ.

ಪದ್ಮಕ್ಕ:
ತೆಗೀಬೇಡಿ. ಮಕ್ಕಳು ಹಸಿದಿದ್ದಾರೆ ಅಂತ ಗೊತ್ತಿದ್ದೂ ಬಿಟ್ಟ, ಅದೇ ದೊಡ್ಡದು.

ನಂಜುಂಡ ಮೈಸೂರು:
ಮಕ್ಕಳನ್ನು ಉಪವಾಸ ಕೆಡವಿದ್ದು ದೊಡ್ಡದಾ? ಹುಲಿ ಕಥೆಯಲ್ಲಿ ಈ ತಂಟೆಯೇ ಇಲ್ಲ.

ಹೊಸಕೆರೆ ಹುಡುಗ:
ಮಕ್ಕಳನ್ನು ಇಟ್ಟುಕೊಂಡಿದ್ದೇನೆ ಸರ್. ಯಾರಾದರೂ ಕೇಳಿದರೆ ಅಜ್ಜಿಯನ್ನೇ ಮುಂದೆ ಬಿಡುತ್ತೇನೆ.

ನಿನ್ನೆ ಎಲೆ ತೆಗೆದ್ವಿ. ಕಂಬಳಿ ಕಟ್ಟಿ, ಐದು ಗಂಟೆಗೆ. 31 ಸಲ ಬಿಟ್ಟ ಮೇಲೆ ನಾಲ್ಕು ಸರಿ ಬಂದವು. ಉಳಿದವು ಗಾಳಿಗೆ ಕಲ್ಲಿನ ಆಚೆ ಹೋಗಿ ಬಿದ್ದವು. ನೀರಿನ ಶಬ್ದ ಬಚ್ಚಲಮನೆಯ ನಲ್ಲಿಯದು, ಹಿತ್ತಾಳೆ ಚೊಂಬಿನ ಮೇಲೆ ಬಿಟ್ಟು ರಾತ್ರಿ ಎರಡಕ್ಕೆ ರೆಕಾರ್ಡ್ ಮಾಡಿದೆ. ಎರಡನೇ ಜಾವ ಬರುವ ಜಾಗದಲ್ಲಿ ದೂರದಲ್ಲಿ ಒಂದು ನಾಯಿ ಬೊಗಳಿದ್ದು ಸೇರಿಕೊಂಡಿದೆ. ತೆಗೆಯಲಾ, ಬಿಡಲಾ?

ಧ್ವನಿಪೆಟ್ಟಿಗೆ:
ಬಿಡಿ.

ಕತ್ತಲೆಕೋಣೆ:
ತೆಗೀರಿ. ಗುಡಿ ಹತ್ತಿರದ ನಾಯಿಗಳೆಲ್ಲ ಅದಕ್ಕೆ ಉತ್ತರ ಕೊಡುತ್ತವೆ, ಅನುಭವದ ಮಾತು.